ಡಿಟರ್ಮಿನೇಟ್, ಇನ್‌ಡಿಟರ್ಮಿನೇಟ್: ಎಣಿಕೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

8 ಮೀಟರ್ ಉದ್ದದ ಒಂದು ಬೀಮ್ ಇದೆ ಅನ್ನಿ. ಅದರ ಉದ್ದಕ್ಕೂ ಮೀಟರಿಗೆ 10 ಕಿಲೋನ್ಯೂಟನ್‌ನಂತೆ ಭಾರ ಸಮನಾಗಿ ಹರಡಿದೆ, ಒಟ್ಟು 80. ಎರಡು ತುದಿಗೂ ಒಂದೊಂದು ಆಧಾರ ಕೊಟ್ಟರೆ ಒಂದೊಂದೂ 40 ಹೊರುತ್ತದೆ. ಈಗ ನಟ್ಟನಡುವೆ ಮೂರನೆಯ ಆಧಾರ ಇಡಿ. ನಡುವಿನದು ಎಷ್ಟು ಹೊರುತ್ತದೆ? 80ನ್ನು ಮೂರರಿಂದ ಭಾಗಿಸುವ ಮನಸ್ಸಾಗುತ್ತದೆ, ಆದರೆ ಉತ್ತರ ಅದಲ್ಲ. ಬಲಗಳ ಸಮತೋಲನ ಒಂದನ್ನೇ ನೆಚ್ಚಿಕೊಂಡರೆ ಇದಕ್ಕೆ ಉತ್ತರವೇ ಸಿಗುವುದಿಲ್ಲ. ಮೊದಲನೆಯ ಬೀಮ್ ಡಿಟರ್ಮಿನೇಟ್, ಎರಡನೆಯದು ಇನ್‌ಡಿಟರ್ಮಿನೇಟ್. ಕನ್ನಡದಲ್ಲಿ ನಿರ್ಧಾರ್ಯ, ಅನಿರ್ಧಾರ್ಯ ಎನ್ನಬಹುದು. ಯಾವುದು ಯಾವ ಬಗೆಯದು ಎಂದು ತಿಳಿಯಲು ಮೊದಲು ಮಾಡುವ ಕೆಲಸ ಎಣಿಕೆ.

ಎಣಿಸಬೇಕಾದದ್ದು ಆಧಾರಗಳನ್ನಲ್ಲ, ಅವು ಕೊಡುವ ಪ್ರತಿಕ್ರಿಯೆಗಳನ್ನು. ಒಂದು ಆಧಾರ ಎಷ್ಟು ಬಗೆಯ ಚಲನೆಯನ್ನು ತಡೆಯುತ್ತದೋ ಅಷ್ಟು ಅಜ್ಞಾತಗಳು ಅದರಿಂದ ಬರುತ್ತವೆ. ರೋಲರ್ ಬೀಮನ್ನು ಕೆಳಗಿಳಿಯಲು ಬಿಡುವುದಿಲ್ಲ, ಅಡ್ಡಕ್ಕೆ ಜಾರಲು ಬಿಡುತ್ತದೆ, ಆದ್ದರಿಂದ ಒಂದೇ ಅಜ್ಞಾತ. ಹಿಂಜ್ ಎರಡು ದಿಕ್ಕಿಗೂ ಅಲುಗಾಡಲು ಬಿಡುವುದಿಲ್ಲ, ತಿರುಗಲು ಮಾತ್ರ ಬಿಡುತ್ತದೆ, ಅಲ್ಲಿಗೆ ಎರಡು. ಗೋಡೆಯೊಳಗೆ ಬಿಗಿಯಾಗಿ ಹೂತ ತುದಿ ತಿರುಗಲೂ ಬಿಡದು, ಅದಕ್ಕೆ ಮೂರು. ಇನ್ನೊಂದು ಕಡೆ, ಒಂದೇ ಸಮತಲದಲ್ಲಿರುವ ರಚನೆಗೆ ಸಮತೋಲನದ ಸಮೀಕರಣಗಳು ಮೂರೇ: ಅಡ್ಡ ಬಲಗಳ ಮೊತ್ತ ಸೊನ್ನೆ, ಲಂಬ ಬಲಗಳ ಮೊತ್ತ ಸೊನ್ನೆ, ಯಾವುದೇ ಒಂದು ಬಿಂದುವಿನ ಸುತ್ತ ಮೊಮೆಂಟ್‌ಗಳ, ಅಂದರೆ ಬಲಗಳು ತಿರುಗಿಸುವ ಪರಿಣಾಮಗಳ, ಮೊತ್ತ ಸೊನ್ನೆ. ಮತ್ತೊಂದು ಬಿಂದುವಿನ ಸುತ್ತ ಮೊಮೆಂಟ್ ತೆಗೆದುಕೊಂಡರೆ ನಾಲ್ಕನೆಯ ಸಮೀಕರಣ ಸಿಕ್ಕಿತೆಂದು ಹೊಸಬರು ಹಿಗ್ಗುವುದುಂಟು. ಅದು ಹೊಸದಲ್ಲ, ಮೊದಲಿನ ಮೂರನ್ನೇ ಕೂಡಿ ಕಳೆದು ಬರೆದದ್ದು.

ನಮ್ಮ ಬೀಮಿಗೆ ಎಡತುದಿಯಲ್ಲಿ ಹಿಂಜ್, ಬಲತುದಿಯಲ್ಲಿ ರೋಲರ್ ಇದ್ದಾಗ ಅಜ್ಞಾತಗಳು ಮೂರು, ಸಮೀಕರಣಗಳೂ ಮೂರು. ನಡುವೆ ಇನ್ನೊಂದು ರೋಲರ್ ಬಂದೊಡನೆ ಅಜ್ಞಾತಗಳು ನಾಲ್ಕಾದವು. ಒಂದು ಹೆಚ್ಚು. ಈ ಹೆಚ್ಚುವರಿ ಸಂಖ್ಯೆಯನ್ನು ಅನಿರ್ಧಾರ್ಯತೆಯ ಡಿಗ್ರಿ ಎನ್ನುತ್ತಾರೆ.

ಒಂದು ಹೆಚ್ಚು ಎಂದರೇನು ಎಂಬುದನ್ನು ಕೈಯಾರೆ ಲೆಕ್ಕ ಮಾಡಿ ನೋಡಿದರೇ ಚೆನ್ನಾಗಿ ತಿಳಿಯುವುದು. ನಡುವಿನ ಆಧಾರ 20 ಹೊರುತ್ತದೆ ಎಂದು ಊಹಿಸಿ, ತುದಿಗಳಿಗೆ 30, 30. ಮೊತ್ತ 80 ಸರಿಹೋಯಿತು, ಮೊಮೆಂಟೂ ಸರಿಹೋಯಿತು. ನಡುವಿನದಕ್ಕೆ 60 ಕೊಡಿ, ತುದಿಗಳಿಗೆ 10, 10. ಅದೂ ಸರಿ. ಸಮತೋಲನ ಯಾವುದನ್ನೂ ಬೇಡ ಎನ್ನುವುದಿಲ್ಲ. ಇಲ್ಲಿ ಉತ್ತರ ಇಲ್ಲವೆಂದಲ್ಲ, ಸಮತೋಲನಕ್ಕೆ ಒಪ್ಪುವ ಉತ್ತರಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ನಿಜವಾದದ್ದು ಯಾವುದೆಂದು ಬೀಮ್ ಬಾಗುವ ಬಗೆಯೇ ಹೇಳಬೇಕು.

ಮುಂದಿನ ಸೂತ್ರಗಳಲ್ಲಿ w ಎಂದರೆ ಮೀಟರಿಗೆ ಇರುವ ಭಾರ, L ಬೀಮಿನ ಉದ್ದ, EI ಬಾಗುವುದನ್ನು ತಡೆಯುವ ಬೀಮಿನ ಬಿಗಿತ. ನಡುವಿನ ಆಧಾರವನ್ನು ತೆಗೆದರೆ ಬೀಮ್ ನಡುವಿನಲ್ಲಿ ಇಷ್ಟು ಕೆಳಗಿಳಿಯುತ್ತದೆ:

```
5wL^4 / 384EI
```

ನಡುವಿನಿಂದ R ಬಲದಲ್ಲಿ ಮೇಲಕ್ಕೆ ಒತ್ತಿದರೆ ಇಷ್ಟು ಮೇಲೇಳುತ್ತದೆ:

```
RL^3 / 48EI
```

ಆಧಾರ ಕದಲದೆ ನಿಂತಿದೆ ಎಂದರೆ ಇವೆರಡೂ ಸಮ. ಬಿಡಿಸಿದರೆ R ಒಟ್ಟು ಭಾರದ ಎಂಟರಲ್ಲಿ ಐದು ಪಾಲು, ಅಂದರೆ 50. ತುದಿಗಳಿಗೆ ಉಳಿದದ್ದು 15, 15. ಕಡಿಮೆಬಿದ್ದ ನಾಲ್ಕನೆಯ ಸಮೀಕರಣ ಬಂದದ್ದು ಬಲಗಳಿಂದಲ್ಲ, ಆಕಾರದಿಂದ.

ಆಕಾರದಿಂದ ಬಂದ ಸಮೀಕರಣ ಆಕಾರ ಬದಲಾದರೆ ಬದಲಾಗುತ್ತದೆ. ಈ ಬೀಮಿನ EI 20,000 ಕಿಲೋನ್ಯೂಟನ್-ಚದರ ಮೀಟರ್ ಎಂದಿಟ್ಟುಕೊಳ್ಳೋಣ. ನಡುವಿನ ಆಧಾರದ ಕೆಳಗಿನ ನೆಲ 10 ಮಿಲಿಮೀಟರ್ ಕುಸಿಯಿತು. ಮೇಲಿನ ಸೂತ್ರದಲ್ಲೇ ಲೆಕ್ಕ ಹಾಕಿದರೆ R 50ರಿಂದ 31.25ಕ್ಕೆ ಇಳಿಯುತ್ತದೆ, ತುದಿಗಳು 15ರಿಂದ 24.375ಕ್ಕೆ ಏರುತ್ತವೆ. ಇದಕ್ಕಿಂತ ಕಳವಳದ ಸಂಗತಿ ನಡುವಿನ ಬೆಂಡಿಂಗ್ ಮೊಮೆಂಟ್, ಅಂದರೆ ಅಲ್ಲಿ ಬೀಮನ್ನು ಬಾಗಿಸುವ ಮೊಮೆಂಟ್. ಮೊದಲು ಅದು 20 ಕಿಲೋನ್ಯೂಟನ್-ಮೀಟರ್, ಬೀಮಿನ ಮೇಲ್ಮೈ ಎಳೆತದಲ್ಲಿತ್ತು. ಕುಸಿದ ಮೇಲೆ ಅದು 17.5, ಆದರೆ ಈಗ ಎಳೆತ ಕೆಳಮೈಗೆ ಬಂದಿದೆ. ಕಾಂಕ್ರೀಟ್ ಬೀಮಾಗಿದ್ದು ಮೇಲಿನ ಎಳೆತವನ್ನೇ ನೆಚ್ಚಿ ಅಲ್ಲಿ ಕಂಬಿಯೆಲ್ಲ ಮೇಲ್ಗಡೆಗೇ ಕಟ್ಟಿದ್ದರೆ, ಬಿರುಕು ಕೆಳಗಡೆ ಕಾಣಿಸಿಕೊಳ್ಳುತ್ತದೆ. ಎರಡೇ ಆಧಾರಗಳ ಬೀಮಿನಲ್ಲಿ ಒಂದು ತುದಿ 10 ಮಿಲಿಮೀಟರ್ ಕುಸಿದರೆ ಬೀಮ್ ತುಸು ವಾಲುತ್ತದೆ, ಅಷ್ಟೆ. 40, 40 ಹಾಗೆಯೇ ಉಳಿಯುತ್ತದೆ. ಹಾಗೆಂದು ಡಿಟರ್ಮಿನೇಟ್ ರಚನೆಯೇ ಮೇಲು ಎನ್ನಲಾಗದು. ಅದರಲ್ಲಿ ಒಂದು ಆಧಾರ ಹೋದರೆ ಎಲ್ಲವೂ ಹೋಯಿತು. ಇನ್ನೊಂದರಲ್ಲಿ ಭಾರ ಹೊರಲು ಬೇರೆ ದಾರಿ ಉಳಿದಿರಬಹುದು.

ಮೂರು ಆಧಾರ ಇರಲೇಬೇಕು, ಕುಸಿತದ ಕಾಟವೂ ಬೇಡ ಎಂದಾದರೆ ಬೀಮನ್ನೇ ಒಂದೆಡೆ ತುಂಡರಿಸಿ ಎರಡು ತುಂಡುಗಳನ್ನು ಹಿಂಜ್‌ನಿಂದ ಜೋಡಿಸುತ್ತಾರೆ. ಹಿಂಜ್ ಇರುವಲ್ಲಿ ಬೆಂಡಿಂಗ್ ಮೊಮೆಂಟ್ ಸೊನ್ನೆಯೇ ಆಗಬೇಕು, ಹೀಗೆ ನಾಲ್ಕನೆಯ ಸಮೀಕರಣ ಸಿಕ್ಕಿತು. ಎಡತುದಿಯಿಂದ 3 ಮೀಟರಿನಲ್ಲಿ ಹಿಂಜ್ ಇಟ್ಟು ನೋಡಿ. ಎಡಗಡೆಯ 3 ಮೀಟರ್ ತುಂಡಿನ ಭಾರ 30, ಅದರಲ್ಲಿ 15 ಎಡ ಆಧಾರಕ್ಕೆ, 15 ಹಿಂಜ್‌ಗೆ. ಉಳಿದ 5 ಮೀಟರ್ ತುಂಡಿಗೆ ನಡುವಿನ ಆಧಾರದ ಸುತ್ತ ಮೊಮೆಂಟ್ ತೆಗೆದುಕೊಂಡರೆ ಬಲತುದಿಗೆ 15, ನಡುವಿಗೆ 50. ಹಿಂಜ್ ಇಲ್ಲದ ಬೀಮಿನ ಉತ್ತರವೇ ಮತ್ತೆ ಬಂತು! ಇದು ಕಾಕತಾಳೀಯವಲ್ಲ. ಅಖಂಡ ಬೀಮಿನಲ್ಲೂ ಇದೇ ಭಾರಕ್ಕೆ ಮೊಮೆಂಟ್ ಸೊನ್ನೆಯಾಗುವ ಜಾಗ ಸರಿಯಾಗಿ 3 ಮೀಟರಿನಲ್ಲಿದೆ, ಹಿಂಜ್ ಇಟ್ಟದ್ದು ಅದಕ್ಕೆಂದೇ ಅಲ್ಲಿ. ವ್ಯತ್ಯಾಸ ತಿಳಿಯುವುದು ನೆಲ ಕುಸಿದಾಗ: ಈಗ ನಡುವಿನ ಆಧಾರ 10 ಮಿಲಿಮೀಟರ್ ಇಳಿದರೂ ಅದು ಹೊರುವ 50 ಬದಲಾಗುವುದಿಲ್ಲ. ಜರ್ಮನಿಯ ಎಂಜಿನಿಯರ್ ಹೈನ್ರಿಖ್ ಗೆರ್ಬರ್ ಇಂಥ ಹಿಂಜ್ ಇಟ್ಟ ಗರ್ಡರಿಗೆ 1866ರಲ್ಲಿ ಪೇಟೆಂಟ್ ಪಡೆದ. ಇವತ್ತಿಗೂ ಅದಕ್ಕೆ ಗೆರ್ಬರ್ ಬೀಮ್ ಎಂದೇ ಹೆಸರು.

ಇನ್ನು ಎಣಿಕೆ ಮೋಸಮಾಡುವ ಸಂದರ್ಭ. ನಮ್ಮ ಮೂರು ಆಧಾರಗಳ ಬೀಮಿನಲ್ಲಿ ಎಡತುದಿಯ ಹಿಂಜ್ ಕಿತ್ತು ಅಲ್ಲೂ ರೋಲರ್ ಇಡಿ. ಅಜ್ಞಾತ ಮೂರು, ಸಮೀಕರಣ ಮೂರು. ಎಣಿಕೆಯ ಪ್ರಕಾರ ಡಿಟರ್ಮಿನೇಟ್. ಆದರೆ ಅಡ್ಡಕ್ಕೆ ಚೂರು ತಳ್ಳಿದರೆ ಇಡೀ ಬೀಮ್ ಜಾರಿ ಹೋಗುತ್ತದೆ. ಮೂರು ಪ್ರತಿಕ್ರಿಯೆಗಳೂ ಲಂಬವಾಗಿದ್ದರಿಂದ ಅಡ್ಡ ಬಲದ ಸಮೀಕರಣದಲ್ಲಿ ಒಂದು ಅಜ್ಞಾತವೂ ಇಲ್ಲ, ಅದು ವ್ಯರ್ಥವಾಯಿತು. ಲಂಬ ದಿಕ್ಕಿನಲ್ಲಿ ಮೂರು ಅಜ್ಞಾತಗಳಿಗೆ ಉಳಿದದ್ದು ಎರಡೇ ಸಮೀಕರಣ, ಅಲ್ಲಿ ನಡುವಿನ ಆಧಾರದ ಹಳೆಯ ಗೊಂದಲ ಹಾಗೆಯೇ ಇದೆ. ಒಂದು ಕಡೆ ಕೊರತೆ, ಇನ್ನೊಂದು ಕಡೆ ಹೆಚ್ಚುವರಿ, ಕೂಡಿಸಿದಾಗ ಸರಿಯಾದಂತೆ ಕಂಡಿತು.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. ಎಡತುದಿಯಲ್ಲಿ ಹಿಂಜ್ ಇದೆ, ಬಲತುದಿ ಲಂಬ ಗೋಡೆಗೆ ಒತ್ತಿಕೊಂಡ ರೋಲರಿನ ಮೇಲಿದೆ. ಆ ರೋಲರ್ ಕೊಡುವ ಬಲ ಬೀಮಿನ ಉದ್ದಕ್ಕೇ ಹಾದು ಹಿಂಜ್ ಮೂಲಕ ಹೋಗುತ್ತದೆ. ಎಣಿಕೆ ಮತ್ತೆ ಮೂರಕ್ಕೆ ಮೂರು. ಹಿಂಜ್‌ನ ಸುತ್ತ ಮೊಮೆಂಟ್ ತೆಗೆದುಕೊಂಡರೆ ಮೂರು ಪ್ರತಿಕ್ರಿಯೆಗಳೂ ಮಾಯ, ಭಾರದ ಮೊಮೆಂಟ್ ಒಂದೇ ಉಳಿಯುತ್ತದೆ. ಅದು ಸೊನ್ನೆಗೆ ಸಮ ಎಂದು ಸಮೀಕರಣ ಹೇಳುತ್ತದೆ, ಸೊನ್ನೆಯಲ್ಲ ಎಂದು ಭಾರ ಹೇಳುತ್ತದೆ. ಬೀಮ್ ಹಿಂಜ್‌ನ ಸುತ್ತ ಕೆಳಕ್ಕೆ ತಿರುಗತೊಡಗುತ್ತದೆ. ಆದ್ದರಿಂದ ಎಣಿಸಿ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಬೇಕು: ಪ್ರತಿಕ್ರಿಯೆಗಳೆಲ್ಲ ಒಂದಕ್ಕೊಂದು ಸಮಾಂತರವಾಗಿವೆಯೇ? ಎಲ್ಲವುಗಳ ರೇಖೆಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆಯೇ? ಯಾವುದಕ್ಕಾದರೂ ಹೌದು ಎಂದು ಬಂದರೆ, ಅಜ್ಞಾತಗಳು ಎಷ್ಟೇ ಇರಲಿ, ಆ ರಚನೆ ನಿಲ್ಲುವುದಿಲ್ಲ.