ಗೈಡ್ ಬದಲಿಸಿ ಎಂದು ವಿಭಾಗಕ್ಕೆ ಬರೆಯುವಾಗ

ಪಿಎಚ್.ಡಿ. ವಿದ್ಯಾರ್ಥಿಗಳ ಕಷ್ಟಗಳಲ್ಲಿ ಒಂದು ಹೊರಗೆ ಕಾಣುವುದೇ ಇಲ್ಲ. ಗೈಡ್ ಬೈಯುವುದಿಲ್ಲ, ತೊಂದರೆ ಕೊಡುವುದಿಲ್ಲ, ಸುಮ್ನೆ ಸಿಗುವುದಿಲ್ಲ ಅಷ್ಟೆ. ಕಳಿಸಿದ ಅಧ್ಯಾಯ ತಿಂಗಳುಗಟ್ಟಲೆ ಹಾಗೇ ಇರುತ್ತದೆ. "ನೋಡ್ತೀನಿ ಕಣಮ್ಮಾ" ಎಂಬ ಮಾತಿನಲ್ಲಿ ವರ್ಷ ಕಳೆಯುತ್ತದೆ. ವಿಭಾಗದ ಮುಖ್ಯಸ್ಥನಾಗಿ, ಸಮಿತಿಗಳ ಸದಸ್ಯನಾಗಿ ಇಂಥ ಪತ್ರಗಳನ್ನು ಓದಿದ್ದೇನೆ. ನೋವು ನಿಜವಾಗಿದ್ದರೂ ಎಷ್ಟೋ ಪತ್ರಗಳ ಮೇಲೆ ಸಮಿತಿ ಏನೂ ಮಾಡಲಾಗುವುದಿಲ್ಲ. ಪತ್ರದಲ್ಲಿ ನಡಾವಳಿಗೆ ಬರೆದುಕೊಳ್ಳುವಂಥ ಒಂದು ಸಾಲೂ ಇರುವುದಿಲ್ಲ ಎಂಬುದೇ ಕಾರಣ.

ಮೊದಲು ಒಂದು ವಿಷಯ ತಿಳಿದಿರಬೇಕು. ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳ ಪ್ರಕಾರ ಪ್ರತಿ ವಿದ್ಯಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು. ನಮ್ಮಲ್ಲಿ ಕೆಲವು ಕಡೆ ಡಾಕ್ಟೋರಲ್ ಕಮಿಟಿ ಅಂತಾರೆ. ಪ್ರತಿ ಸೆಮಿಸ್ಟರ್‌ನಲ್ಲಿ ವಿದ್ಯಾರ್ಥಿ ಅದರ ಮುಂದೆ ತನ್ನ ಕೆಲಸ ತೋರಿಸಬೇಕು. ಸಮಿತಿ ಪ್ರಗತಿ ವರದಿ ಕೊಡಬೇಕು. ಈ ಸಮಿತಿಯ ಸಂಚಾಲಕರು ಯಾರು? ನಿಮ್ಮ ಗೈಡೇ. ಅವರು ಸಭೆ ಕರೆಯದಿದ್ದರೆ ವರದಿ ಹುಟ್ಟುವುದಿಲ್ಲ. ವರದಿ ಇಲ್ಲದ ಫೈಲು ನೋಡಿದವರಿಗೆ ಕೆಲಸ ಮಾಡದವರು ನೀವೇ ಎಂದು ಕಾಣುತ್ತದೆ. ಪ್ರಗತಿ ತೃಪ್ತಿಕರವಾಗಿಲ್ಲ ಎಂದು ನೋಂದಣಿ ರದ್ದಿಗೆ ಶಿಫಾರಸು ಮಾಡುವ ಅಧಿಕಾರವೂ ಇದೇ ಸಮಿತಿಗಿದೆ. ಹಾಗಾಗಿ ನಿಮ್ಮ ಪತ್ರ ಬದಲಾವಣೆ ಕೇಳಿದರೆ ಸಾಲದು. ಕೆಲಸ ನಿಂತದ್ದು ಎಲ್ಲಿ, ಯಾರ ಹತ್ತಿರ ಎಂಬುದನ್ನು ಅದು ಫೈಲಿಗೆ ಸೇರಿಸಬೇಕು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸಮಾಜಶಾಸ್ತ್ರದ ವಿದ್ಯಾರ್ಥಿನಿ. ವಿಷಯ, ಮದ್ದೂರು ತಾಲ್ಲೂಕಿನಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸರ ಸಾಲ ಮತ್ತು ಉಳಿತಾಯ. ಅವಳ ಮೊದಲ ಕರಡಿನಲ್ಲಿ ಹೀಗಿದೆ ಅಂದುಕೊಳ್ಳಿ: "ಸರ್ ನನ್ನ ಬಗ್ಗೆ ತೀರಾ ನಿರ್ಲಕ್ಷ್ಯ ತೋರುತ್ತಿದ್ದಾರೆ. ಬೇರೆ ವಿದ್ಯಾರ್ಥಿಗಳಿಗೆ ಜಾಸ್ತಿ ಸಮಯ ಕೊಡುತ್ತಾರೆ. ನನಗೆ ಮಾನಸಿಕವಾಗಿ ತುಂಬಾ ಹಿಂಸೆಯಾಗಿದೆ." ಇದರಲ್ಲಿ ಒಂದೂ ಸುಳ್ಳಿರಲಿಕ್ಕಿಲ್ಲ. ಆದರೆ ಓದಿದ ಮುಖ್ಯಸ್ಥರು ಗೈಡನ್ನು ಕರೆಸುತ್ತಾರೆ. ಅವರು "ಹಾಗೇನಿಲ್ಲ, ಹುಡುಗಿಯೇ ಬರುವುದಿಲ್ಲ" ಅನ್ನುತ್ತಾರೆ. ಅಲ್ಲಿಗೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು. ಪತ್ರ ಫೈಲಿನೊಳಗೆ ಮಲಗುತ್ತದೆ.

ಅದನ್ನೇ ಹೀಗೆ ಬರೆಯಬಹುದು:

> ವಿಷಯ: ಪಿಎಚ್.ಡಿ. ಮಾರ್ಗದರ್ಶಕರ ಬದಲಾವಣೆ ಕೋರಿ
>
> ಮಾನ್ಯರೇ,
>
> ನಾನು ಫೆಬ್ರವರಿ 2023ರಲ್ಲಿ ಈ ವಿಭಾಗದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿರುತ್ತೇನೆ. ಕೋರ್ಸ್‌ವರ್ಕ್ ಮುಗಿದಿದೆ. ಶೀರ್ಷಿಕೆಗೆ ಮಾರ್ಚ್ 2024ರಲ್ಲಿ ಒಪ್ಪಿಗೆ ದೊರೆತಿದೆ.
>
> ಎರಡನೇ ಅಧ್ಯಾಯದ ಕರಡನ್ನು 12-08-2024ರಂದು ಇಮೇಲ್ ಮೂಲಕ ಮಾರ್ಗದರ್ಶಕರಿಗೆ ಸಲ್ಲಿಸಿದ್ದೇನೆ. 20-09-2024, 06-01-2025 ಮತ್ತು 14-04-2025ರಂದು ನೆನಪೋಲೆ ಕಳಿಸಿದ್ದೇನೆ. ಈವರೆಗೆ ಟಿಪ್ಪಣಿ ಬಂದಿಲ್ಲ. ಜುಲೈ 2024ರ ನಂತರ ಸಲಹಾ ಸಮಿತಿಯ ಸಭೆ ನಡೆದಿಲ್ಲ. ಎರಡು ಅರ್ಧವಾರ್ಷಿಕ ಪ್ರಗತಿ ವರದಿಗಳು ಸಹಿಯಾಗದೆ ಉಳಿದಿವೆ. ಬದಲಾವಣೆಗೆ ನಿರಾಕ್ಷೇಪಣಾ ಪತ್ರ ಕೋರಿ 02-06-2025ರಂದು ಬರೆದ ಇಮೇಲ್‌ಗೂ ಉತ್ತರ ಬಂದಿಲ್ಲ. ಎಲ್ಲದರ ಪ್ರತಿಗಳನ್ನು ಲಗತ್ತಿಸಿದೆ.
>
> ಆದ್ದರಿಂದ, ನೋಂದಣಿ ದಿನಾಂಕ ಮತ್ತು ಅನುಮೋದಿತ ಶೀರ್ಷಿಕೆಯನ್ನು ಹಾಗೆಯೇ ಉಳಿಸಿ, ಬೇರೆ ಮಾರ್ಗದರ್ಶಕರನ್ನು ನೇಮಿಸಬೇಕೆಂದು, ಮತ್ತು ತೀರ್ಮಾನ ಆಗುವವರೆಗೆ ನನ್ನ ಪ್ರಗತಿ ವರದಿ ಹಾಗೂ ಫೆಲೋಶಿಪ್ ಪತ್ರಗಳಿಗೆ ವಿಭಾಗದ ಮುಖ್ಯಸ್ಥರೇ ಸಹಿ ಮಾಡುವ ವ್ಯವಸ್ಥೆ ಆಗಬೇಕೆಂದು ಕೋರುತ್ತೇನೆ.

ಗೈಡ್ ಒಳ್ಳೆಯವರೋ ಕೆಟ್ಟವರೋ ಎಂಬ ಮಾತೇ ಇಲ್ಲಿ ಬರಲಿಲ್ಲ. ಅವರಿಗೆ ಕಾಯಿಲೆ ಇರಬಹುದು, ಆಡಳಿತದ ಹೊರೆ ಇರಬಹುದು. ಆ ಕಾರಣವನ್ನು ಅವರೇ ಹೇಳಲಿ. ನಾಳೆ ನಿಮ್ಮ ಮೌಲ್ಯಮಾಪನ, ವೈವಾ ಎಲ್ಲ ಇದೇ ವಿಭಾಗದಲ್ಲಿ ನಡೆಯಬೇಕು. ಹೊಸ ಗೈಡ್ ಆಗುವವರು ಬಹುಶಃ ಹಳೆಯವರ ಪಕ್ಕದ ಕೋಣೆಯಲ್ಲೇ ಕೂರುವವರು. ಸಹೋದ್ಯೋಗಿಯನ್ನು ಬೈದ ಪತ್ರದ ಬೆನ್ನಿಗೆ ನಿಲ್ಲಲು ಅವರು ಹಿಂದೇಟು ಹಾಕುತ್ತಾರೆ. ದಿನಾಂಕಗಳ ಪತ್ರಕ್ಕೆ ಹಾಗಾಗುವುದಿಲ್ಲ.

ದಿನಾಂಕಗಳೇ ಇಲ್ಲದಿದ್ದರೆ? ಬಹಳ ಜನರ ಸ್ಥಿತಿ ಇದೇ. ಎಲ್ಲವೂ ಫೋನಿನಲ್ಲಿ, ಕಾರಿಡಾರಿನಲ್ಲಿ ನಡೆದಿರುತ್ತದೆ. ಹಾಗಿದ್ದರೆ ಇವತ್ತಿನಿಂದ ಶುರು ಮಾಡಿ. ಮಾತಾಡಿದ ದಿನವೇ ಒಂದು ಸಣ್ಣ ಇಮೇಲ್ ಹಾಕಿ: "ಸರ್, ಇವತ್ತು ತಿಳಿಸಿದಂತೆ ಅಧ್ಯಾಯವನ್ನು ಮತ್ತೆ ಕಳಿಸುತ್ತಿದ್ದೇನೆ. ಈ ತಿಂಗಳ ಕೊನೆಯೊಳಗೆ ಒಂದು ದಿನ ಭೇಟಿಗೆ ಅವಕಾಶ ಕೊಡಿ." ಎರಡು ಮೂರು ತಿಂಗಳು ಇದನ್ನು ಬಿಡದೆ ಮಾಡಿದರೆ ದಾಖಲೆ ತಾನಾಗಿ ಕೂಡುತ್ತದೆ. ಆ ನಡುವೆ ಗೈಡ್ ಎಚ್ಚೆತ್ತು ಅಧ್ಯಾಯ ಓದಿಬಿಟ್ಟರೆ ಇನ್ನೂ ಒಳ್ಳೆಯದೇ ಅಲ್ವಾ?

ಕೆಲಸ ಜಾಸ್ತಿ ಸಿಕ್ಕಿಬೀಳುವುದು ನಿರಾಕ್ಷೇಪಣಾ ಪತ್ರದ ಹತ್ತಿರ. "ಹಳೆ ಗೈಡ್ ಹತ್ತಿರ ಎನ್‌ಒಸಿ ತನ್ನಿ" ಎಂದು ಕಚೇರಿ ಹೇಳುತ್ತದೆ. ಇಮೇಲ್‌ಗೇ ಉತ್ತರಿಸದವರು ಅದನ್ನು ಎಲ್ಲಿಂದ ಕೊಡುತ್ತಾರೆ? ನಿಮ್ಮ ವಿಶ್ವವಿದ್ಯಾಲಯದ ಪಿಎಚ್.ಡಿ. ನಿಯಮಾವಳಿ ತೆಗೆದು ಓದಿ. ಈ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ರೀತಿ ಇದೆ. ಒಪ್ಪಿಗೆ ಬೇಕೇಬೇಕು ಎಂದಿದ್ದರೂ ನೀವು ಕೇಳಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಆಮೇಲೆ, ಗೈಡ್‌ಗೆ ಒಂದು ಗಡುವು ಕೊಟ್ಟು ವಿಭಾಗವೇ ಅವರ ಅಭಿಪ್ರಾಯ ಪಡೆಯಲಿ ಎಂದು ಕೋರಿ. ಆಗ ಹೊಣೆ ನಿಮ್ಮ ಕೈಯಿಂದ ವಿಭಾಗದ ಕೈಗೆ ಹೋಗುತ್ತದೆ.

ನೋಂದಣಿ ದಿನಾಂಕ ಉಳಿಸಿ ಎಂಬ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಪ್ರವೇಶದಿಂದ ಆರು ವರ್ಷ ಗರಿಷ್ಠ ಅವಧಿ. ಮರುನೋಂದಣಿಯಾದರೆ ಇನ್ನೆರಡು ವರ್ಷ, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು. ನಮ್ಮ ವಿದ್ಯಾರ್ಥಿನಿ ಈಗಾಗಲೇ ಎರಡೂವರೆ ವರ್ಷ ದಾಟಿದ್ದಾಳೆ. ಹೊಸ ನೋಂದಣಿ ಎಂದು ಯಾರಾದರೂ ಬರೆದುಬಿಟ್ಟರೆ ಅವಳ ಕೋರ್ಸ್‌ವರ್ಕ್, ಕನಿಷ್ಠ ಮೂರು ವರ್ಷದ ಲೆಕ್ಕ ಎಲ್ಲ ಮತ್ತೆ ಪ್ರಶ್ನೆಗೆ ಬರುತ್ತದೆ. ಶೀರ್ಷಿಕೆಯನ್ನೂ ಇದೇ ಪತ್ರದಲ್ಲಿ ಬದಲಿಸಲು ಹೋಗಬೇಡಿ. ಅದು ಬೇರೆ ಅನುಮೋದನೆ, ಬೇರೆ ಓಡಾಟ.

ಪತ್ರಕ್ಕೆ ಮುಂಚೆ ಒಬ್ಬ ಅಧ್ಯಾಪಕರನ್ನು ಕಂಡು ಮಾತಾಡಿರುವುದು ಒಳ್ಳೆಯದು. ಒಂದು ಹೊತ್ತಿಗೆ ಪ್ರೊಫೆಸರ್ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ವಿದ್ಯಾರ್ಥಿಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ಸೇವೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಜಾಗ ಇರುವವರು ಒಪ್ಪಿದರೆ ಅವರ ಒಪ್ಪಿಗೆ ಪತ್ರವನ್ನೂ ಲಗತ್ತಿಸಿ. "ಯಾರನ್ನಾದರೂ ಕೊಡಿ" ಎನ್ನುವ ಪತ್ರಕ್ಕಿಂತ ಇದರ ಮೇಲೆ ತೀರ್ಮಾನ ಬೇಗ ಆಗುತ್ತದೆ. ವಿಭಾಗದಲ್ಲಿ ಯಾರೂ ಇಲ್ಲದಿದ್ದರೆ ಬೇರೆ ವಿಭಾಗದಿಂದ ಸಹ ಮಾರ್ಗದರ್ಶಕರನ್ನು ಕೊಡಿ ಎಂದು ಕೇಳಬಹುದು.

ಪತ್ರ ಮುಖ್ಯಸ್ಥರಿಗೆ, ಪ್ರತಿ ಕುಲಸಚಿವರಿಗೆ. ಗೈಡೇ ಮುಖ್ಯಸ್ಥರಾಗಿದ್ದರೆ ನೇರ ಡೀನ್‌ಗೆ ಬರೆಯಿರಿ. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಲೈಂಗಿಕ ಕಿರುಕುಳದ ಮಾತಿದ್ದರೆ ಅದನ್ನು ಈ ಪತ್ರದೊಳಗೆ ಒಂದು ಸಾಲಾಗಿ ತೂರಿಸಬೇಡಿ. ಅದಕ್ಕೆ ಆಂತರಿಕ ಸಮಿತಿ ಇದೆ, ಅಲ್ಲಿ ಪ್ರತ್ಯೇಕ ದೂರು ಕೊಡಬೇಕು. ಒಂದು ತಿಂಗಳಾದರೂ ವಿಭಾಗದಿಂದ ಉತ್ತರ ಬರದಿದ್ದರೆ ಅದೇ ಪತ್ರವನ್ನು ಲಗತ್ತಿಸಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿಗೆ ಹೋಗಿ. ಯುಜಿಸಿಯ 2023ರ ನಿಯಮದಂತೆ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲೂ ಸರಿಹೋಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ.

ಆದೇಶ ಬಂದಮೇಲೆ ಅದನ್ನು ಪೂರ್ತಿ ಓದಿ. ಗೈಡ್ ಹೆಸರು ಬದಲಾಗಿ, ಸಲಹಾ ಸಮಿತಿ ಹಾಗೇ ಹಳೆಯದೇ ಉಳಿದಿರುತ್ತದೆ, ಎಷ್ಟೋ ಸಲ. ಸಂಚಾಲಕರಾಗಿ ಹೊಸ ಗೈಡ್ ಹೆಸರು ಬರುವಂತೆ ಸಮಿತಿ ಪುನರ್ರಚಿಸಿ ಎಂದು ಅದೇ ವಾರ ಇನ್ನೊಂದು ಪತ್ರ ಕೊಡಿ. ಬಾಕಿ ಇರುವ ಎರಡು ಪ್ರಗತಿ ವರದಿಗಳನ್ನು ಮೊದಲ ಸಭೆಯಲ್ಲೇ ಮುಂದಿಡಿ.