ಸಾವಿರ ಪೀಸ್ ಅಂದರೆ ಯಾವ ಸಾವಿರ?

ಪುಣೆ ಹತ್ತಿರದ ಭೋಸರಿ, ಚಾಕಣ ಕಡೆ ಸಣ್ಣ ಕಾರ್ಖಾನೆ ನಡೆಸುವ ನಮ್ಮವರು ವಿದೇಶಿ ಆಮದುದಾರರಿಗೆ ಕಳಿಸುವ ಕ್ಯಾಟಲಾಗ್‌ನ ಕೊನೆಯ ಪುಟದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಕನಿಷ್ಠ ಆರ್ಡರ್ 1000 ಪೀಸ್’. ಜಗಳ ಹುಟ್ಟುವುದು ಇಲ್ಲೇ.

ಸ್ಟೀಲ್ ಬಾಗಿಲ ಹಿಂಜನ್ನೇ ತಗೊಳ್ಳಿ. ಮೂರು ಸೈಜ್, ಎರಡು ಫಿನಿಶ್, ಒಟ್ಟು ಆರು ಬಗೆ. ಮಾಲೀಕರ ಮನಸ್ಸಿನಲ್ಲಿರುವುದು ಪ್ರತಿ ಬಗೆಗೆ ಸಾವಿರ. ಆಮದುದಾರ ಆರೂ ಬಗೆ ಸೇರಿಸಿ ಸಾವಿರಕ್ಕೆ ಆರ್ಡರ್ ಕಳಿಸುತ್ತಾನೆ. ಅವನದೇನೂ ತಪ್ಪಿಲ್ಲ, ಬರೆದಿದ್ದನ್ನೇ ಓದಿದ್ದಾನೆ. ಆಮೇಲೆ ‘ಹಾಗಲ್ಲ, ಹೀಗೆ’ ಎಂದು ಮೇಲ್ ಹಾಕಿದರೆ ಅವನಿಗೆ ಕಾಣುವುದು ಮಾತು ಬದಲಿಸುವ ಸರಬರಾಜುದಾರ. ಆದ್ದರಿಂದ ‘ಪ್ರತಿ ಸೈಜ್, ಪ್ರತಿ ಫಿನಿಶ್‌ಗೆ ಇಷ್ಟು’ ಎಂದು ಆಯಾ ಐಟಂನ ಪಕ್ಕದಲ್ಲೇ ಬರೆಯಿರಿ.

ಆ ಅಂಕಿಯಾದರೂ ಎಲ್ಲಿಂದ ಬರಬೇಕು? ಪೆಟ್ಟಿಗೆಯಿಂದ. ಒಂದು ಪೆಟ್ಟಿಗೆಗೆ 48 ಹಿಂಜ್ ಹಿಡಿದರೆ, ಸಾವಿರಕ್ಕೆ ಇಪ್ಪತ್ತು ಪೆಟ್ಟಿಗೆ ತುಂಬಿ 40 ಹಿಂಜ್ ಉಳಿಯುತ್ತವೆ. ಕೊನೆಯ ಪೆಟ್ಟಿಗೆ ಅರೆಬರೆ, ಪ್ಯಾಕಿಂಗ್ ಲಿಸ್ಟ್‌ನಲ್ಲಿ ಅದಕ್ಕೊಂದು ಬೇರೆ ಸಾಲು. 1008 ಅನ್ನಿ, ಸರಿಯಾಗಿ 21 ಪೆಟ್ಟಿಗೆ. ಪೆಟ್ಟಿಗೆಯ ಅಳತೆ, ತೂಕವನ್ನೂ ಕೊಡಿ. 40×30×20 ಸೆಂ.ಮೀ. ಪೆಟ್ಟಿಗೆ 42, ಅಂದರೆ ಎರಡು ಬಗೆಯವು, ಸೇರಿದರೆ ಹೆಚ್ಚುಕಡಿಮೆ ಒಂದು ಘನ ಮೀಟರ್. ಬೇರೆಯವರ ಸರಕಿನ ಜೊತೆ ಕಂಟೇನರ್ ಹಂಚಿಕೊಂಡು ಕಳಿಸುವಾಗ ಸಾಮಾನ್ಯವಾಗಿ ಕನಿಷ್ಠ ಒಂದು ಘನ ಮೀಟರಿನ ಬಾಡಿಗೆ ಹಾಕುತ್ತಾರೆ. ಹಾಗಾಗಿ ಎರಡು ಬಗೆ ಒಟ್ಟಿಗೆ ತರಿಸುವುದೇ ಲಾಭ ಎಂದು ಆಮದುದಾರ ತಾನೇ ಲೆಕ್ಕ ಹಾಕುತ್ತಾನೆ, ನೀವು ಒತ್ತಾಯಿಸಬೇಕಿಲ್ಲ.

‘ಮೊದಲ ಸಲ ಕಡಿಮೆ ಕೊಡಿ’ ಎಂದು ಕೇಳಿಯೇ ಕೇಳುತ್ತಾರೆ. ಇಲ್ಲ ಅಂದು ಬಾಗಿಲು ಹಾಕಬೇಡಿ, ಹಳೇ ದರಕ್ಕೇ ಹೂಂ ಅನ್ನಲೂ ಬೇಡಿ. ಡೈ ಕೂರಿಸಿ ಸೆಟ್ ಮಾಡಲು, ಫಿನಿಶ್‌ನ ಒಂದು ಬ್ಯಾಚ್ ಹಾಕಲು ನಿಮಗೆ 6000 ರೂಪಾಯಿ ಬೀಳುತ್ತದೆ ಅಂತಿಟ್ಟುಕೊಳ್ಳಿ. 1008 ಹಿಂಜಿಗೆ ಹಂಚಿದರೆ ತಲಾ ಸುಮಾರು 6 ರೂಪಾಯಿ. ಆರೇ ಪೆಟ್ಟಿಗೆ, ಅಂದರೆ 288 ಹಿಂಜಿಗಾದರೆ ಸುಮಾರು 21. ಪೂರ್ತಿ ಆರ್ಡರಿಗೆ 90 ರೂಪಾಯಿ ದರವಿದ್ದರೆ ಟ್ರಯಲ್‌ಗೆ 105. ಈ ವ್ಯತ್ಯಾಸ ಸೆಟ್ಟಿಂಗ್ ಖರ್ಚಿನದು ಎಂದು ಒಂದು ಸಾಲಿನಲ್ಲಿ ಹೇಳಿದರೆ ಕಸುಬು ಗೊತ್ತಿರುವ ಆಮದುದಾರ ಸಾಮಾನ್ಯವಾಗಿ ಒಪ್ಪುತ್ತಾನೆ. ಕಾರಣ ಹೇಳದೆ 105 ಅಂದರೆ ಚೌಕಾಸಿ ಶುರು.

ಮೊದಲ ಮೇಲ್‌ಗೆ ನಲವತ್ತು ಪುಟದ ಕ್ಯಾಟಲಾಗ್ ಬೇಡ. ಅವರು ಮಾರುವ ಸಾಮಾನಿಗೆ ಹೊಂದುವ ಎರಡು ಪುಟ ಸಾಕು: ಅಳತೆ ಬರೆದ ಚಿತ್ರ, ಸ್ಟೀಲ್‌ನ ಗ್ರೇಡ್, ಕಸ್ಟಮ್ಸ್‌ನವರು ಸರಕು ಗುರುತಿಸುವ ಎಚ್‌ಎಸ್ ಕೋಡ್ (ಹಿಂಜಿಗೆ 8302.10, ಮೊದಲ ಆರು ಅಂಕಿ ಹೆಚ್ಚುಕಡಿಮೆ ಎಲ್ಲ ದೇಶಕ್ಕೂ ಒಂದೇ, ಮುಂದಿನದನ್ನು ಅವರೇ ನೋಡಿಕೊಳ್ಳಲಿ), ಪೆಟ್ಟಿಗೆಯ ವಿವರ, ಕನಿಷ್ಠ ಪ್ರಮಾಣ. ದರ ಮಾತ್ರ ಕ್ಯಾಟಲಾಗ್‌ನಲ್ಲಿ ಅಚ್ಚಾಗಬಾರದು. ಸ್ಟೀಲ್ ಬೆಲೆ ಏರಿದರೂ ಹೋದ ವರ್ಷದ ಪುಟ ಅವರ ಕೈಯಲ್ಲಿರುತ್ತದೆ. ನ್ಹಾವಾ ಶೇವಾ ಬಂದರಿನಲ್ಲಿ ಹಡಗಿಗೇರಿಸುವವರೆಗಿನ ಎಫ್‌ಒಬಿ ದರ, ಅದು ಎಷ್ಟು ದಿನ ನಡೆಯುತ್ತದೆ, ಟ್ರಯಲ್ ದರ ಎಷ್ಟು, ಇವೆಲ್ಲ ಬೇರೆ ಹಾಳೆಯಲ್ಲಿ, ತಾರೀಕು ಹಾಕಿ ಹೋಗಲಿ.