ನಲವತ್ತು ದಿನದ ಉಪವಾಸ ಬುಧವಾರವೇ ಯಾಕೆ ಶುರುವಾಗುತ್ತದೆ?

ಕಾರವಾರದಲ್ಲಿ ಮೀನು ಬಿಡುವುದು ಸಣ್ಣ ಮಾತಲ್ಲ. ನಮ್ಮ ಪಕ್ಕದ ಮನೆಯ ಬಾಯಿ ಪ್ರತಿವರ್ಷ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ಉಪವಾಸದಲ್ಲಿ, ಮೀನು ಬಿಡುತ್ತಾರೆ. ಚರ್ಚಿನ ಕಟ್ಟಳೆ ಇರುವುದು ಮಾಂಸಕ್ಕೆ, ಮೀನಿಗಲ್ಲ. ಇದು ಅವರದೇ ಹರಕೆ. ಆದರೆ ಭಾನುವಾರ ಮಾತ್ರ ಅವರ ಅಡುಗೆಮನೆಯಿಂದ ಬಂಗಡೆ ಸಾರಿನ ಪರಿಮಳ ಬರುತ್ತದೆ.

ಈ ವರ್ಷ ಶಿರಸಿಯಿಂದ ಬಂದಿದ್ದ ನಮ್ಮ ಭಾವ ಇದನ್ನು ನೋಡಿ ನಕ್ಕರು. ಕ್ಯಾಲೆಂಡರ್ ತೆಗೆದು, ಉಪವಾಸ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದರು. ನಲವತ್ತಾರು ಬಂತು. "ಎಂತ ಲೆಕ್ಕ ಮಾರಾಯ ಇದು? ಆರು ದಿನ ಜಾಸ್ತಿ ಇದೆ, ಮಧ್ಯೆ ಮೀನೂ ತಿಂತಾರೆ!"

ಲೆಕ್ಕ ಸರಿಯಾಗಿಯೇ ಇದೆ. ಭಾವ ಎಣಿಸಿದ್ದು ಮುಂದಿನಿಂದ. ಇದನ್ನು ಹಿಂದಿನಿಂದ ಎಣಿಸಬೇಕು.

2026ರ ಈಸ್ಟರ್ ಏಪ್ರಿಲ್ 5. ಅದು ಹಬ್ಬದ ದಿನ, ಲೆಕ್ಕಕ್ಕಿಲ್ಲ. ಈಸ್ಟರ್ ಯಾವಾಗಲೂ ಭಾನುವಾರವೇ ಅಲ್ವಾ? ಅಲ್ಲಿಂದ ಆರು ವಾರ ಹಿಂದೆ ಹೋದರೆ ಫೆಬ್ರವರಿ 22, ಅದೂ ಭಾನುವಾರ. ಪ್ರತಿ ವಾರ ಭಾನುವಾರ ಬಿಟ್ಟರೆ ಉಪವಾಸಕ್ಕೆ ಉಳಿಯುವುದು ಆರು ದಿನ. ಆರಾರಲಿ ಮೂವತ್ತಾರು. ಇನ್ನೂ ನಾಲ್ಕು ಬೇಕು. ಶನಿವಾರ, ಶುಕ್ರವಾರ, ಗುರುವಾರ, ಬುಧವಾರ. ಫೆಬ್ರವರಿ 18ಕ್ಕೆ ಬಂದು ನಿಂತೆವು. ಬೂದಿ ಬುಧವಾರ ಅದೇ.

ಫೆಬ್ರವರಿಗೆ 28 ದಿನವೋ 29 ದಿನವೋ ಅನ್ನುವುದರಿಂದ ಇಲ್ಲಿ ವಾರ ಬದಲಾಗುವುದಿಲ್ಲ, ತಾರೀಖು ಮಾತ್ರ ಸರಿಯುತ್ತದೆ. 2024ರಲ್ಲಿ ಫೆಬ್ರವರಿ 14, 2025ರಲ್ಲಿ ಮಾರ್ಚ್ 5. ಎರಡೂ ಬುಧವಾರ.

ಚರಿತ್ರೆಯಲ್ಲೂ ಲೆಕ್ಕ ಇದೇ ದಾರಿಯಲ್ಲಿ ಬಂದಿದೆ, ನನಗೆ ತುಂಬಾ ಖುಷಿ ಕೊಡುವ ಭಾಗ ಇದು. ಕ್ರಿ.ಶ. 325ರಲ್ಲಿ ಬಿಷಪ್ಪರು ಸೇರಿದ್ದ ನೈಸಿಯಾ ಸಭೆಯ ಕಟ್ಟಳೆಗಳಲ್ಲೇ 'ನಲವತ್ತು' ಅನ್ನುವ ಹೆಸರು ಬರುತ್ತದೆ. ರೋಮಿನಲ್ಲಿ ಹಿಂದೆ ಭಾನುವಾರಗಳನ್ನೂ ಸೇರಿಸಿಕೊಂಡು, ಮೊದಲ ಭಾನುವಾರದಿಂದ ಈಸ್ಟರ್ ಮುಂಚಿನ ಗುರುವಾರದವರೆಗೆ ನಲವತ್ತು ಎಣಿಸುತ್ತಿದ್ದರು. ಆಮೇಲೆ ಗಮನ ಕಾಲದಿಂದ ಉಪವಾಸದ ದಿನಗಳಿಗೆ ಹೊರಳಿತು. ಎಣಿಸಿ ನೋಡಿದರೆ ಮೂವತ್ತಾರೇ ಇದೆ! 604ರಲ್ಲಿ ತೀರಿಕೊಂಡ ಪೋಪ್ ಗ್ರೆಗೊರಿ ಇದಕ್ಕೊಂದು ಚಂದದ ಅರ್ಥ ಹೇಳಿದ್ದರು: ವರ್ಷದ ದಿನಗಳಲ್ಲಿ ಸುಮಾರು ಹತ್ತನೇ ಒಂದು ಭಾಗ, ದೇವರಿಗೆ ಕೊಡುವ ಪಾಲು. ಆದರೂ ಏಸು ಮರಳುಗಾಡಿನಲ್ಲಿ ಉಪವಾಸ ಮಾಡಿದ್ದು ನಲವತ್ತು ದಿನ. ಹಾಗಾಗಿ ಮುಂದೆ ನಾಲ್ಕು ದಿನ ಹಚ್ಚಿದರು. ಗಿಡ್ಡವಾದ ಲಂಗಕ್ಕೆ ಅಂಚು ಹಚ್ಚಿದ ಹಾಗೆ. ಮಿಲಾನಿನ ಪದ್ಧತಿಯಲ್ಲಿ ಈ ಅಂಚು ಇಲ್ಲ. ಅಲ್ಲಿ ಇವತ್ತಿಗೂ ತಪಸ್ಸು ಕಾಲ ಭಾನುವಾರವೇ ಶುರು.

ಇನ್ನು ಭಾನುವಾರ ಯಾಕೆ ಬಿಡಬೇಕು? ಏಸು ಪುನರುತ್ಥಾನವಾದ ದಿನ ಅದು. ಹಾಗಾಗಿ ಪ್ರತಿ ಭಾನುವಾರವೂ ಒಂದು ಪುಟ್ಟ ಈಸ್ಟರ್. ನೈಸಿಯಾ ಸಭೆ ಭಾನುವಾರ ಮೊಣಕಾಲೂರುವುದೂ ಬೇಡ, ನಿಂತೇ ಪ್ರಾರ್ಥಿಸಿ ಅಂದಿತ್ತು. ಮೊಣಕಾಲೂರುವುದು ಪಶ್ಚಾತ್ತಾಪದ ಗುರುತು. ಅದೇ ಸಲ್ಲದ ದಿನ ಉಪವಾಸ ಹೇಗೆ ಸಲ್ಲುತ್ತದೆ? ಭಾವನಿಗೆ ನಾನು ಹೇಳಿದ್ದು ಕೂಲಿ ಲೆಕ್ಕ. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಭಾನುವಾರದ ಮನೆ ಇರುತ್ತದೆ, ಗುರುತು ಇರುವುದಿಲ್ಲ. ನಲವತ್ತು ಹಾಜರಿಗೆ ನಲವತ್ತಾರು ದಿನ ಬೇಕಾಗುತ್ತದೆ. ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ದ್ವಾದಶಿ ಬೆಳಿಗ್ಗೆ ಪಾರಣೆ ಬಿಟ್ಟು ಉಪವಾಸ ಮುಂದುವರಿಸ್ತೀರಾ ಅಂತ ಕೇಳಿದೆ. ಸುಮ್ನಾದರು.

ಒಂದು ಎಚ್ಚರ. ಭಾನುವಾರ ಉಪವಾಸದ ಲೆಕ್ಕದಿಂದ ಹೊರಗೆ, ತಪಸ್ಸು ಕಾಲದಿಂದ ಹೊರಗಲ್ಲ. ಆ ದಿನವೂ ಪಾದ್ರಿಗಳು ಹೆಚ್ಚಾಗಿ ನೇರಳೆ ಬಟ್ಟೆಯಲ್ಲೇ ಇರುತ್ತಾರೆ, 'ಅಲ್ಲೆಲೂಯ' ಹಾಡುವುದಿಲ್ಲ. ಬಿಟ್ಟ ಮೀನನ್ನು ಆ ದಿನ ತಿನ್ನಬೇಕೋ ಬೇಡವೋ ಅನ್ನುವುದು ಹರಕೆ ಹೊತ್ತವರಿಗೆ ಬಿಟ್ಟಿದ್ದು.

ಇಡೀ ಎಣಿಕೆಯ ಮೊಳೆ ಮಾತ್ರ ಚಂದ್ರನ ಕೈಯಲ್ಲಿದೆ. ಮಾರ್ಚ್ 21ರಂದು ಅಥವಾ ನಂತರ ಬರುವ ಹುಣ್ಣಿಮೆ ಆದಮೇಲಿನ ಭಾನುವಾರ ಈಸ್ಟರ್. ಈ ಹುಣ್ಣಿಮೆಯನ್ನು ಆಕಾಶ ನೋಡಿ ಹೇಳುವುದಲ್ಲ, ಚರ್ಚಿನ ಕೋಷ್ಟಕ ನೋಡಿ ಹೇಳುವುದು. 2026ರಲ್ಲಿ ಅದು ಏಪ್ರಿಲ್ 2, ಗುರುವಾರ. ಮೂರೇ ದಿನಕ್ಕೆ ಹಬ್ಬ ಬಂತು. 2025ರಲ್ಲಿ ಹುಣ್ಣಿಮೆ ಏಪ್ರಿಲ್ 13, ಭಾನುವಾರವೇ ಬಿದ್ದಿತ್ತು. 'ಆದಮೇಲಿನ' ಅಂದರೆ ಆದಮೇಲಿನದೇ, ಹಾಗಾಗಿ ಹಬ್ಬ 20ಕ್ಕೆ ಹೋಯಿತು. ಬೂದಿ ಬುಧವಾರವೂ ಅದರ ಹಿಂದೆಯೇ ಒಂದು ವಾರ ಸರಿಯಿತು.

ಬಾಯಿ ಈ ಕಾಲಕ್ಕೆ ಕೊಂಕಣಿಯಲ್ಲಿ 'ಕರೆಜ್ಮ್' ಅನ್ನುತ್ತಾರೆ. ಪೋರ್ಚುಗೀಸರ 'ಕ್ವರೆಸ್ಮ'ದಿಂದ ಬಂದ ಪದ. ಅದರ ಮೂಲ ಲ್ಯಾಟಿನ್, ಅರ್ಥ 'ನಲವತ್ತನೆಯದು'. ಬರುವ ವರ್ಷದ ಈಸ್ಟರ್ ಮಾರ್ಚ್ 28 ಅಂತ ಹೇಳಿ ಭಾವನ ಕೈಗೆ ಪೆನ್ಸಿಲ್ ಕೊಟ್ಟೆವು. ಆರು ವಾರ ಹಿಂದೆ ಹೋದರು, ನಾಲ್ಕು ದಿನ ಸೇರಿಸಿದರು. ಫೆಬ್ರವರಿ 10. "ಬುಧವಾರವೇ ಬಂತಲ್ಲ!" ಅಂದರು. ಬಾಯಿ ಅವರಿಗೆ ಚಹಾ ಕೊಟ್ಟು, "ಹಾಗಾದರೆ 9ಕ್ಕೇ ಬಂಗಡೆ ತರಬೇಕು" ಅಂದರು.